2,000 ಕ್ವಿಂಟಾಲ್ ತೊಗರಿ, ಕೈಯಲ್ಲಿ ಎರಡೂವರೆ ಲಕ್ಷ: ಕಂಪನಿಯ ಲೆಕ್ಕ ಎಲ್ಲಿಂದ ಶುರುವಾಗಬೇಕು?

ಪ್ರಶ್ನೆ: ನಾವು ಮಸ್ಕಿ ತಾಲ್ಲೂಕಿನ ಐದು ಹಳ್ಳಿಯ 240 ರೈತರು. ಎಲ್ಲರೂ ಮಳೆಯಾಶ್ರಿತ ತೊಗರಿಯವರು. ರೈತ ಉತ್ಪಾದಕರ ಕಂಪನಿ ಮಾಡಿ ತೊಗರಿ ಒಟ್ಟಾಗಿ ಮಾರಬೇಕು ಅಂತ ಮಾಡೇವಿ. ತಲಾ ಒಂದು ಸಾವಿರ ಷೇರು ಹಣ ಕೂಡಿಸಿದರೆ 2.4 ಲಕ್ಷ ಆಗ್ತದ. ಎಲ್ಲರ ಮಾಲು ಸೇರಿದರೆ 2,000 ಕ್ವಿಂಟಾಲ್ ಬರಬಹುದು. ಬ್ಯಾಂಕಿನವರು ಮೂರು ವರ್ಷದ ಬ್ಯಾಲೆನ್ಸ್ ಶೀಟ್ ಕೇಳ್ತಾರ. ಒಬ್ಬ ಸದಸ್ಯರು ಐದು ಲಕ್ಷ ಹಾಕ್ತೀನಿ, ಆದರ ನನಗ ಹೆಚ್ಚು ಓಟು ಬೇಕು ಅಂತಾರ. ಅವರ ತಮ್ಮನದು ಅಡತಿ ಅಂಗಡಿ ಅದ. ಕೆಲವರು ರಾಶಿ ಆದ ಕೂಡಲೇ ಮಾರೋದು ಬ್ಯಾಡ, ಜೂನ್‌ವರೆಗೆ ಹಿಡಿಯೋಣ ಅಂತಾರ. ದುಡಿಮೆ ಬಂಡವಾಳ ಎಷ್ಟು ಬೇಕು, ನಿಯಮ ಹೆಂಗ ಬರೀಬೇಕು ಹೇಳ್ರಿ.

ಉತ್ತರ: ಸದಸ್ಯರ ಮನೆಯಲ್ಲಿ ಎಷ್ಟು ತೊಗರಿ ಇದೆ ಎಂಬುದರಿಂದ ಲೆಕ್ಕ ಶುರು ಮಾಡಬೇಡಿ. ಕೊಟ್ಟ ರೊಕ್ಕ ಎಷ್ಟು ದಿನಕ್ಕೆ ವಾಪಸ್ ಬರುತ್ತದೆ ಎಂಬುದರಿಂದ ಶುರು ಮಾಡಿ. ಈ ದಿನಗಳ ಸಂಖ್ಯೆ ಗೊತ್ತಾದರೆ ಬಂಡವಾಳ ಎಷ್ಟು ಬೇಕು, ಮೊದಲ ವರ್ಷ ಎಷ್ಟು ಮಾಲು ಮುಟ್ಟಬಹುದು, ಯಾವ ನಿಯಮ ಗಟ್ಟಿಯಾಗಿರಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಲೆಕ್ಕಕ್ಕೆ ಕ್ವಿಂಟಾಲಿಗೆ 7,000 ರೂಪಾಯಿ ಇಟ್ಟುಕೊಳ್ಳೋಣ. ನಿಮ್ಮ ಕಡೆಯ ಧಾರಣೆ ಬೇರೆ ಇದ್ದರೆ ಅದನ್ನು ಹಾಕಿ ಮತ್ತೊಮ್ಮೆ ಗುಣಿಸಿ. 2,000 ಕ್ವಿಂಟಾಲ್ ಎಂದರೆ 1.4 ಕೋಟಿಯ ಮಾಲು. ಹಾಗೆಂದು 1.4 ಕೋಟಿ ಕೈಯಲ್ಲಿ ಇರಬೇಕಾಗಿಲ್ಲ, ಒಂದೇ ರೊಕ್ಕ ಹಂಗಾಮಿನಲ್ಲಿ ಹಲವು ಸಲ ತಿರುಗುತ್ತದೆ. ಒಂದು ಲಾರಿ, ಅಂದರೆ 100 ಕ್ವಿಂಟಾಲ್, ಕೂಡಿಸಿ ಜರಡಿ ಹಿಡಿಯಲು ಮೂರು ದಿನ, ಚೀಲ ತುಂಬಿ ಬೇಳೆ ಮಿಲ್ಲಿಗೆ ಮುಟ್ಟಿಸಲು ಒಂದು ದಿನ, ಅಲ್ಲಿ ಇಳಿಸಿ ಪರೀಕ್ಷೆ ಮಾಡಲು ಇನ್ನೊಂದು ದಿನ ಬೇಕು. ಮಿಲ್ಲಿನವರು 15 ದಿನಕ್ಕೆ ಹಣ ಹಾಕಿದರೆ ಒಂದು ಸುತ್ತು 20 ದಿನವಾಯಿತು. ರಾಶಿ ಜೋರಾಗಿರುವುದು ಸುಮಾರು 60 ದಿನ. ಅಷ್ಟರಲ್ಲಿ ರೊಕ್ಕ ತಿರುಗುವುದು ಮೂರೇ ಸಲ. ರೈತರಿಗೆ ಪೂರ್ತಿ ಹಣ ಅಲ್ಲಿಯೇ ಎಣಿಸುವುದಾದರೆ ಸುಮಾರು 47 ಲಕ್ಷ ಬೇಕು.

ಅದೇ ಮಿಲ್ಲಿನವರನ್ನು ಏಳು ದಿನಕ್ಕೆ ಒಪ್ಪಿಸಿದರೆ ಸುತ್ತು 12 ದಿನಕ್ಕೆ ಇಳಿಯುತ್ತದೆ, ರೊಕ್ಕ ಐದು ಸಲ ತಿರುಗುತ್ತದೆ, 28 ಲಕ್ಷ ಸಾಕು. ಮಾಲು ಕೊಟ್ಟಾಗ ಶೇ 80 ಮಾತ್ರ ಕೊಟ್ಟು ಉಳಿದ ಶೇ 20ನ್ನು ಮಿಲ್ಲಿನ ಹಣ ಬಂದ ಮೇಲೆ ಕೊಡುವ ಪದ್ಧತಿ ಇಟ್ಟರೆ 22.4 ಲಕ್ಷಕ್ಕೆ ಬರುತ್ತದೆ. ಧಾರಣೆ, ಮಾಲು, ಸದಸ್ಯರು ಯಾವುದೂ ಬದಲಾಗದೆ ಬಂಡವಾಳದ ಬೇಡಿಕೆ ಅರ್ಧಕ್ಕಿಂತ ಕೆಳಗೆ ಬಂತು. ಆದ್ದರಿಂದ ಮಿಲ್ಲಿನವರ ಜೊತೆ ಮಾತಾಡುವಾಗ ಕ್ವಿಂಟಾಲಿಗೆ 20 ರೂಪಾಯಿ ಹೆಚ್ಚಿಗೆ ಕೇಳುವುದಕ್ಕಿಂತ ಎಂಟು ದಿನ ಮುಂಚೆ ಹಣ ಕೇಳುವುದೇ ನಿಮಗೆ ಲಾಭ.

ಹೀಗೆ ಶೇ 20 ತಡೆದಿಡುವುದು ಕಾನೂನಿಗೆ ವಿರುದ್ಧವೆಂದು ಹಲವರು ಅಂದುಕೊಂಡಿದ್ದಾರೆ. ಅದು ತಪ್ಪು. 2013ರ ಕಂಪನಿ ಕಾಯ್ದೆಯಲ್ಲಿ ಉತ್ಪಾದಕರ ಕಂಪನಿಗೆಂದೇ ಇರುವ ಅಧ್ಯಾಯ, 378ಎ ಕಲಮಿನಿಂದ ಆರಂಭವಾಗುವುದು, ಇದಕ್ಕೆ ನೇರವಾಗಿ ಅವಕಾಶ ಕೊಟ್ಟಿದೆ. ಮಾಲು ಕೊಟ್ಟ ಸದಸ್ಯರಿಗೆ ಮೊದಲು ಎಷ್ಟು ಕೊಡಬೇಕೆಂದು ಮಂಡಳಿ ನಿರ್ಧರಿಸಬಹುದು. ತಡೆದಿಟ್ಟ ಬೆಲೆಯನ್ನು ಆಮೇಲೆ ನಗದಾಗಿ, ವಸ್ತುವಾಗಿ ಅಥವಾ ಷೇರಾಗಿಯೂ ಕೊಡಬಹುದು. ಆದರೆ ಇದು ನಂಬಿಕೆಯ ವಿಷಯ. ಅಡತಿ ಅಂಗಡಿಯಲ್ಲಿ ಎಷ್ಟೇ ಕಡಿತ ಇದ್ದರೂ ಸಂಜೆಯೊಳಗೆ ಪಟ್ಟಿ ಮತ್ತು ರೊಕ್ಕ ಕೈಗೆ ಬರುತ್ತದೆ. ನೀವು ತಡೆದಿಟ್ಟ 1,400 ರೂಪಾಯಿ ಹದಿನೈದನೇ ದಿನ ಬರಲಿಲ್ಲವೆಂದರೆ ಮುಂದಿನ ಲಾರಿಗೆ ಚೀಲ ಬರುವುದಿಲ್ಲ. ಗಡುವನ್ನು ರಸೀದಿಯ ಮೇಲೆಯೇ ಅಚ್ಚು ಹಾಕಿಸಿ. ಮಿಲ್ಲಿನವರು ತಡಮಾಡಿದರೂ ಗಡುವಿನ ದಿನ ರೈತರಿಗೆ ಕೊಡಲು ಒಂದು ಲಾರಿಯ ಶೇ 20, ಅಂದರೆ 1.4 ಲಕ್ಷ, ಖಾತೆಯಲ್ಲಿ ಯಾವಾಗಲೂ ಬೇರೆ ಇಟ್ಟಿರಿ.

ಈಗ ನಿಮ್ಮ 2.4 ಲಕ್ಷಕ್ಕೆ ಬರೋಣ. ಅದು ಒಂದು ಲಾರಿಗೂ ಸಾಲದು. ತಲಾ 2,000 ರೂಪಾಯಿ ಷೇರು ಮಾಡಿ, ಬೇಕಾದರೆ ಎರಡು ಕಂತಿನಲ್ಲಿ. ಆಗ 4.8 ಲಕ್ಷ ಆಗುತ್ತದೆ. ನೋಂದಣಿ, ತೂಕದ ಯಂತ್ರ, ತೇವಾಂಶ ಮಾಪಕಕ್ಕೆ 40,000 ಹೋದರೆ ಕೈಯಲ್ಲಿ 4.4 ಲಕ್ಷ. ಒಂದು ಲಾರಿಗೆ ರೈತರ ಶೇ 80 ಎಂದರೆ 5.6 ಲಕ್ಷ. ಚೀಲ, ಹಮಾಲಿ, ಜರಡಿ, ಲಾರಿ ಬಾಡಿಗೆ ಸೇರಿ 23,000. ಒಟ್ಟು 5.83 ಲಕ್ಷ. ಬೇರೆ ಇಡಬೇಕಾದ 1.4 ಲಕ್ಷವನ್ನೂ ಕೂಡಿಸಿದರೆ ಕೊರತೆ ಸುಮಾರು 2.8 ಲಕ್ಷ. ಒಂದು ಸಲಕ್ಕೆ ಒಂದೇ ಲಾರಿ ಹೊರಗಿದ್ದರೆ ಹಂಗಾಮಿನಲ್ಲಿ ಐದು ಲಾರಿ, 500 ಕ್ವಿಂಟಾಲ್ ಆಗುತ್ತದೆ. ಐದು ಲಕ್ಷದ ಸಾಲದ ಮಿತಿ ಸಿಕ್ಕರೆ ಒಂದು ಪಾವತಿ ತಡವಾದರೂ ಕೆಲಸ ನಿಲ್ಲುವುದಿಲ್ಲ. ಮೊದಲ ವರ್ಷಕ್ಕೆ ನಾನು ಹೇಳುವ ಗಾತ್ರ ಇದೇ. 2,000 ಕ್ವಿಂಟಾಲಿಗೆ ಕೈ ಹಾಕಿದರೆ ಮೂರನೇ ಲಾರಿಯ ಹೊತ್ತಿಗೆ ಗೋದಾಮಿನಲ್ಲಿ ಮಾಲು ಇದ್ದು ಕೊಡಲು ಹಣ ಇರುವುದಿಲ್ಲ. ಹೊಸ ಕಂಪನಿಗಳು ಮುಗ್ಗರಿಸುವುದು ಹೆಚ್ಚಾಗಿ ಇಲ್ಲಿಯೇ.

ಐದು ಲಕ್ಷ ಕೊಡುವವರು ಯಾರು? ವಾಣಿಜ್ಯ ಬ್ಯಾಂಕು ಮೂರು ವರ್ಷದ ಲೆಕ್ಕ ಕೇಳುವುದು ವಾಡಿಕೆ, ಅವರ ಬಳಿ ಮೊದಲ ವರ್ಷ ಅಲೆದು ದಣಿಯಬೇಡಿ. ನಬಾರ್ಡ್‌ನ ಅಂಗಸಂಸ್ಥೆ ನಬ್‌ಕಿಸಾನ್ ಇಂಥ ಕಂಪನಿಗಳಿಗೇ ಸಾಲ ಕೊಡುತ್ತದೆ. ಅಲ್ಲಿ ನೋಡುವುದು ಷೇರು ಹಣ, ಮಿಲ್ಲಿನವರ ಬರಹದ ಖರೀದಿ ಆದೇಶ, ಸಭೆಯ ನಡಾವಳಿ ಪುಸ್ತಕ. ಕೃಷಿ ಮೂಲಸೌಕರ್ಯ ನಿಧಿಯ ಹೆಸರು ಯಾರಾದರೂ ಹೇಳಬಹುದು. ಅದರ ಶೇ 3 ಬಡ್ಡಿ ರಿಯಾಯಿತಿ ಗೋದಾಮು, ಶುಚಿಗೊಳಿಸುವ ಘಟಕದಂಥ ಆಸ್ತಿಗೆ, ತೊಗರಿ ಖರೀದಿಗೆ ಅಲ್ಲ. ರೈತ ಉತ್ಪಾದಕರ ಸಂಸ್ಥೆಗಳನ್ನು ಕಟ್ಟಲು 2020ರಲ್ಲಿ ಶುರುವಾದ 10,000 ಎಫ್‌ಪಿಒ ಯೋಜನೆಯಲ್ಲಿ ಸದಸ್ಯರಿಗೆ ತಲಾ 2,000 ರೂಪಾಯಿವರೆಗೆ ಸರಿಸಮ ಷೇರು ಅನುದಾನ ಇದೆ, ಕಂಪನಿಗೆ ಗರಿಷ್ಠ 15 ಲಕ್ಷ. ಆದರೆ ಅದು ಯೋಜನೆಯೊಳಗೆ ಆಯ್ಕೆಯಾದ ಕಂಪನಿಗಳಿಗೆ, ಬಯಲು ಪ್ರದೇಶದಲ್ಲಿ ಕನಿಷ್ಠ 300 ಸದಸ್ಯರಿರಬೇಕು. ನೀವು 240 ಮಂದಿ. ಅನುದಾನ ಬಂದರೆ ಬರಲಿ, ಲೆಕ್ಕದ ಹಾಳೆಯಲ್ಲಿ ಮಾತ್ರ ಅದನ್ನು ಬರೆಯಬೇಡಿ.

ಕ್ವಿಂಟಾಲಿನ ಖರ್ಚನ್ನೂ ಬಿಡಿಸಿ ನೋಡಬೇಕು, ಉತ್ಸಾಹದಲ್ಲಿ ಇದನ್ನು ಬಿಟ್ಟುಬಿಡುತ್ತಾರೆ. ಚೀಲಕ್ಕೆ 60, ಹಮಾಲಿ 40, ಜರಡಿ 50, ಲಾರಿ 80. ಜರಡಿಯಲ್ಲಿ ಕಸ, ಮಣ್ಣು, ನುಚ್ಚು ಹೋಗಿ ತೂಕ ಶೇ 1.5 ಇಳಿಯುತ್ತದೆ, ಅದರ ಬೆಲೆ 105. ರೈತರಿಗೆ ಮೊದಲು ಕೊಟ್ಟ ಶೇ 80ರ ಮೇಲೆ ಹನ್ನೆರಡು ದಿನದ ಬಡ್ಡಿ ವರ್ಷಕ್ಕೆ ಶೇ 12ರಂತೆ 22. ಕೂಡಿದರೆ 357. ಶುಚಿಯಾದ ಮಾಲನ್ನು ಮಿಲ್ಲಿನ ಬಾಗಿಲಿಗೆ 7,450ಕ್ಕೆ ಮುಟ್ಟಿಸಿದಿರಿ ಎಂದುಕೊಂಡರೆ ಉಳಿದದ್ದು ಕ್ವಿಂಟಾಲಿಗೆ 93 ರೂಪಾಯಿ. 500 ಕ್ವಿಂಟಾಲಿಗೆ 46,500. ಕಾಯ್ದೆ ಪ್ರಕಾರ ಪೂರ್ಣಾವಧಿ ಸಿಇಒ ಇರಲೇಬೇಕು. ತಿಂಗಳಿಗೆ 15,000 ಎಂದರೂ ವರ್ಷಕ್ಕೆ 1.8 ಲಕ್ಷ. ಲೆಕ್ಕಪರಿಶೋಧನೆ, ಬಾಡಿಗೆ, ಫೋನು ಅಂತ ಇನ್ನೊಂದು 60,000. ಒಟ್ಟು 2.4 ಲಕ್ಷದ ಖರ್ಚಿಗೆ 46,500ರ ಉಳಿಕೆ.

ಅಂದರೆ ತೊಗರಿಯೊಂದರಿಂದ ಕಂಪನಿ ನಿಲ್ಲುವುದಿಲ್ಲ. ಬಹಳಷ್ಟು ಕಂಪನಿಗಳನ್ನು ನಡೆಸುವುದು ಮುಂಗಾರಿನ ಬೀಜ, ಗೊಬ್ಬರ, ಔಷಧಿಯ ವ್ಯವಹಾರ. ನಿಮ್ಮ 240 ಮನೆಯವರು ಸರಾಸರಿ 15,000 ರೂಪಾಯಿಯ ಸಾಮಾನು ಕಂಪನಿಯಿಂದ ಕೊಂಡರೆ 36 ಲಕ್ಷ, ಖರ್ಚು ಕಳೆದು ಶೇ 5 ಉಳಿದರೆ 1.8 ಲಕ್ಷ. ತೊಗರಿಯದು ಸೇರಿ 2,26,500. ಮೊದಲ ವರ್ಷ ಇನ್ನೂ 13,500 ಖೋತಾ. ಎರಡನೇ ವರ್ಷ ತೊಗರಿ 1,000 ಕ್ವಿಂಟಾಲಿಗೆ ಏರಿದರೆ 33,000 ಉಳಿಯುತ್ತದೆ. ಗೊಬ್ಬರದ ಪರವಾನಗಿಗೆ ನಿಗದಿತ ವಿದ್ಯಾರ್ಹತೆ ಇರುವವರು ಬೇಕು, ಸಿಇಒ ಆಯ್ಕೆ ಮಾಡುವಾಗಲೇ ಅದನ್ನು ನೋಡಿಕೊಳ್ಳಿ. ಉದ್ರಿ ಮಾತ್ರ ಕೊಡಬೇಡಿ. ಸದಸ್ಯರಿಂದ ಮೊದಲೇ ಬೇಡಿಕೆ ಮತ್ತು ಹಣ ಪಡೆದು, ಅಷ್ಟೇ ಮಾಲು ತರಿಸಿ ಹಂಚಿ. ಅಂಗಡಿಯಲ್ಲಿ ಸರಕು ತುಂಬಿಟ್ಟರೆ ತೊಗರಿಗೆಂದು ಇಟ್ಟ ರೊಕ್ಕ ಅಲ್ಲಿ ಸಿಕ್ಕಿಕೊಳ್ಳುತ್ತದೆ.

ಐದು ಲಕ್ಷ ಹಾಕುವೆನೆಂದವರ ಮಾತಿಗೆ ಉತ್ತರ ಕಾಯ್ದೆಯಲ್ಲೇ ಇದೆ. ರೈತರು ಸದಸ್ಯರಾಗಿರುವ ಉತ್ಪಾದಕರ ಕಂಪನಿಯಲ್ಲಿ ಷೇರು ಎಷ್ಟೇ ಇರಲಿ, ಒಬ್ಬರಿಗೆ ಒಂದೇ ಓಟು. ಹೆಚ್ಚು ಓಟು ಕೊಡುತ್ತೇವೆಂದು ಯಾರೂ ಬರೆದುಕೊಡಲು ಬರುವುದಿಲ್ಲ. ಅವರ ಹಣ ಬೇಕೆಂದರೆ ಷೇರಾಗಿ ತೆಗೆದುಕೊಳ್ಳಿ, ಮಿತಿಯೊಳಗಿನ ಲಾಭಾಂಶ ಸಿಗುತ್ತದೆ. ಬೋನಸ್ ಹಂಚುವುದು ಷೇರಿನ ಮೇಲೆ ಅಲ್ಲ, ಯಾರು ಎಷ್ಟು ಮಾಲು ಕೊಟ್ಟರು ಎಂಬುದರ ಮೇಲೆ.

ತಮ್ಮನ ಅಡತಿಯ ವಿಷಯ ಸೂಕ್ಷ್ಮ. ಕಂಪನಿಯ ವ್ಯವಹಾರಕ್ಕೆ ಎದುರಾದ ವ್ಯಾಪಾರ ಇರುವವರು ಸದಸ್ಯರಾಗುವಂತಿಲ್ಲ, ಆಮೇಲೆ ಅಂಥ ವ್ಯಾಪಾರ ಶುರು ಮಾಡಿದರೆ ಸದಸ್ಯತ್ವ ಹೋಗುತ್ತದೆ. ಅಂಗಡಿ ತಮ್ಮನ ಹೆಸರಿನಲ್ಲಿ ಮಾತ್ರ ಇದ್ದು ಇವರ ಪಾಲಿಲ್ಲದಿದ್ದರೆ ಇವರನ್ನು ಹೊರಗಿಡಲು ಕಾರಣವಿಲ್ಲ. ಆದರೆ ಇವರು ನಿರ್ದೇಶಕರಾಗಿ ಕುಳಿತರೆ ಮಿಲ್ಲಿನ ಧಾರಣೆ ಅದೇ ರಾತ್ರಿ ಅಂಗಡಿಗೆ ಮುಟ್ಟುವ ಸಾಧ್ಯತೆ ಇದೆ. ಮನೆತನದಲ್ಲಿ ತೊಗರಿ ವ್ಯಾಪಾರ ಇರುವವರು ಬೆಲೆ ನಿಗದಿಯ ಚರ್ಚೆಯಲ್ಲಿ ಕೂರುವಂತಿಲ್ಲ, ಆ ಅಂಗಡಿಗೆ ಕಂಪನಿ ಮಾಲು ಮಾರುವಂತಿಲ್ಲ ಎಂದು ಅಂತರ್ನಿಯಮಾವಳಿಯಲ್ಲಿ ಬರೆಯಿರಿ. ನೋಂದಣಿಗೆ ಮುಂಚೆ ಬರೆದರೆ ಅದು ನಿಯಮ. ಜಗಳ ಆದ ಮೇಲೆ ಬರೆದರೆ ಒಬ್ಬರ ಮೇಲಿನ ಹಗೆ ಎಂದಾಗುತ್ತದೆ.

ನಿರ್ದೇಶಕರು ಐದರಿಂದ ಹದಿನೈದು ಮಂದಿ ಇರಬಹುದು. ಪ್ರತಿ ಹಳ್ಳಿಗೆ ಇಬ್ಬರಂತೆ ಹತ್ತು ಸಾಕು. ಸಿಇಒ ಸದಸ್ಯರಾಗಿರಬಾರದು, ಇದನ್ನು ಮರೆತು ಅಧ್ಯಕ್ಷರ ಮಗನನ್ನು ಸದಸ್ಯನನ್ನಾಗಿಯೂ ಮಾಡಿ ಸಿಇಒ ಹುದ್ದೆಯಲ್ಲಿಯೂ ಕೂರಿಸುವುದುಂಟು. ಮಂಡಳಿ ಮೂರು ತಿಂಗಳಿಗೊಮ್ಮೆಯಾದರೂ ಸೇರಬೇಕು. ಹಂಗಾಮಿನಲ್ಲಿ ವಾರಕ್ಕೊಮ್ಮೆ ಸೇರಿ. ನಿರ್ದೇಶಕರಿಗಾಗಲಿ ಅವರ ಬಂಧುಗಳಿಗಾಗಲಿ ಸಾಲ ಕೊಡಬೇಕಾದರೆ ಸರ್ವಸದಸ್ಯರ ಸಭೆಯ ಒಪ್ಪಿಗೆ ಬೇಕು.

ಆ ಸಭೆಯ ಕೋರಂ ಒಟ್ಟು ಸದಸ್ಯರ ನಾಲ್ಕನೇ ಒಂದು ಭಾಗ, ನಿಮ್ಮಲ್ಲಿ 60 ಮಂದಿ. ಸುಗ್ಗಿಯಲ್ಲಿ ಅಷ್ಟು ಜನ ಕೂಡುವುದಿಲ್ಲ. ಆಗ ಪುಸ್ತಕ ಹಿಡಿದು ಮನೆಮನೆಗೆ ಹೋಗಿ ಸಹಿ ಹಾಕಿಸುವ ರೂಢಿ ಶುರುವಾಗುತ್ತದೆ. ಹಾಗೆ ಮಾಡಿದ ಠರಾವಿಗೆ ಬೆಲೆ ಇಲ್ಲ, ಸಾಲದಾತರು ಕೆದಕಿದರೆ ಮೊದಲು ಸಿಗುವುದೇ ಅದು. ಸಭೆಯನ್ನು ರಾಶಿ ಮುಗಿದ ಮೇಲೆ, ಬೇಸಿಗೆಯ ಬಿಡುವಿನಲ್ಲಿ ಇಟ್ಟುಕೊಳ್ಳಿ. ಮೊದಲನೆಯದು ಮಾತ್ರ ನೋಂದಣಿಯಾಗಿ 90 ದಿನದೊಳಗೆ ಆಗಬೇಕಾದ್ದರಿಂದ ನೋಂದಣಿಯ ತಿಂಗಳನ್ನೇ ನೋಡಿ ಆರಿಸಿ. ಹೆಸರಿಗೆ ಮಾತ್ರ ಸದಸ್ಯರಾದವರು ನಿರ್ಧಾರ ಮಾಡಬಾರದು ಎನಿಸಿದರೆ, ಮಾಲು ಕೊಡುವ ಸಕ್ರಿಯ ಸದಸ್ಯರಿಗೆ ಮಾತ್ರ ಓಟು ಎಂದು ನಿಯಮಾವಳಿಯಲ್ಲಿ ಇಡಲು ಅವಕಾಶ ಇದೆ. ವರ್ಷಕ್ಕೆ ಎರಡು ಕ್ವಿಂಟಾಲ್ ಎಂಬಂಥ ಸಣ್ಣ ಮಿತಿ ಇಡಿ, ಎರಡೆಕರೆಯವರು ಹೊರಗೆ ಬೀಳಬಾರದು.

ಇನ್ನು ಮಾಲು ಒಪ್ಪಿಸಿಕೊಳ್ಳುವ ಕಟ್ಟೆ. ದೊಡ್ಡ ನಷ್ಟ ಆಗುವ ಜಾಗ ಇದು. ಮಿಲ್ಲಿನವರು ಸಾಮಾನ್ಯವಾಗಿ ಕೇಳುವ ತೇವಾಂಶ ಶೇ 12ರೊಳಗೆ. ಡಿಸೆಂಬರಿನಲ್ಲಿ ಮೋಡ ಕವಿದು, ಗಿಡ ಪೂರ್ತಿ ಒಣಗುವ ಮುಂಚೆ ರಾಶಿ ಮಾಡಿದರೆ 14 ಬರುತ್ತದೆ. ಕಚ್ಚಿದರೆ ಕಾಳು ಕಟ್ ಎನ್ನದೆ ಹಲ್ಲಿಗೆ ಮೆತ್ತಗೆ ಸಿಗುತ್ತದೆ. ಅಂಥ ಹತ್ತು ಚೀಲ 200 ಚೀಲದ ಲಾರಿಯಲ್ಲಿ ಸೇರಿದರೆ, ಮಿಲ್ಲಿನವರು ಮಾದರಿ ತೆಗೆದ ಚೀಲ ಅದೇ ಆಗಿದ್ದರೆ, ಇಡೀ ಲಾರಿಗೆ ಕಡಿತ ಬೀಳುತ್ತದೆ. ಒಣಗಿಸಿ ತಂದ 190 ಚೀಲದವರ ರೊಕ್ಕ ಹಸಿ ತಂದವರಿಂದ ಹೋಗುತ್ತದೆ. ಒಂದು ಹಂಗಾಮಿನಲ್ಲಿ ಎರಡು ಸಲ ಹೀಗಾದರೆ ಚೊಕ್ಕ ಮಾಲಿನವರು ಅಡತಿಗೆ ವಾಪಸ್ ಹೋಗುತ್ತಾರೆ, ಕಂಪನಿಗೆ ಉಳಿಯುವುದು ಹಸಿ ಮಾಲು.

ಅದಕ್ಕೆ ಪ್ರತಿ ಚೀಲಕ್ಕೂ ಬುಡ, ನಡು, ಬಾಯಿ ಮೂರು ಕಡೆ ಕೊಳವೆ ಚುಚ್ಚಿ ಕಾಳು ತೆಗೆಯಬೇಕು. ರೈತರ ಎದುರಿನಲ್ಲೇ ಮಾಪಕಕ್ಕೆ ಹಾಕಿ, ತೂಕ, ತೇವಾಂಶ, ಕಸದ ಪ್ರಮಾಣ ಮೂರನ್ನೂ ರಸೀದಿಯಲ್ಲಿ ಬರೆಯಬೇಕು. ಅರ್ಧ ಕಿಲೋ ಮಾದರಿಯನ್ನು ಪೊಟ್ಟಣದಲ್ಲಿ ಕಟ್ಟಿ, ರೈತರ ಸಹಿ ಹಾಕಿಸಿ, ಆ ಲಾರಿಯ ಹಣ ಬರುವವರೆಗೆ ಇಡಬೇಕು. 12 ದಾಟಿದ ಚೀಲವನ್ನು ಅವತ್ತು ತೆಗೆದುಕೊಳ್ಳದೆ ಎರಡು ದಿನ ಬಿಸಿಲಿಗೆ ಹಾಕಿ ತರಲು ಹೇಳಿ. ನಿರ್ದೇಶಕರ ಮಾಲನ್ನು ಬೇರೆ ಹಳ್ಳಿಯ ನಿರ್ದೇಶಕರು ತೂಗಲಿ. ಮೊದಲು ವಾಪಸ್ ಕಳಿಸುವ ಹಸಿ ಚೀಲ ನಿರ್ದೇಶಕರದೇ ಆಗಿದ್ದರೆ ಉಳಿದವರಿಗೆ ನಿಯಮ ಹೇಳುವ ಅಗತ್ಯವೇ ಬೀಳುವುದಿಲ್ಲ.

ಮಿಲ್ಲಿನ ಜೊತೆ ಒಪ್ಪಂದ ಒಂದು ಪುಟದ್ದಾದರೂ ಸಾಕು. ಯಾರ ತೂಕದ ಸೇತುವೆಯ ತೂಕ ಅಂತಿಮ, ತೇವಾಂಶ ಹೆಚ್ಚಾದರೆ ಕಡಿತ ಎಷ್ಟು, ಮಾಲು ಬೇಡವೆಂದರೆ ವಾಪಸ್ ಬಾಡಿಗೆ ಯಾರದು, ಹಣ ಎಷ್ಟನೇ ದಿನ, ಇಷ್ಟು ಅದರಲ್ಲಿರಲಿ. ನಿಮ್ಮ ಕಡೆಯಿಂದ ಮಾತ್ರ ಒಂದು ಗೆರೆ ದಾಟಬೇಡಿ: ಹಿಂದಿನ ಲಾರಿಯ ಹಣ ಬಾಕಿ ಇರುವಾಗ ಅದೇ ಖರೀದಿದಾರರಿಗೆ ಮುಂದಿನ ಲಾರಿ ಇಲ್ಲ. ‘ಇದೊಂದು ಲೋಡ್ ಕಳಿಸಿ, ಎರಡರದ್ದೂ ಸೇರಿಸಿ ಹಾಕ್ತೀವಿ’ ಎಂಬ ಮಾತು ಬಂದ ದಿನವೇ ಎರಡನೇ ಖರೀದಿದಾರರನ್ನು ಹುಡುಕಿ.

ಜೂನ್‌ವರೆಗೆ ಹಿಡಿಯುವ ಮಾತಿಗೆ ಲೆಕ್ಕ ಹೀಗಿದೆ. ಐದು ತಿಂಗಳ ಬಡ್ಡಿ ಕ್ವಿಂಟಾಲಿಗೆ 350, ಗೋದಾಮಿನ ಬಾಡಿಗೆ ಮತ್ತು ಹುಳುವಿನ ಔಷಧಿ 60, ಒಣಗಿ ಇಳಿಯುವ ತೂಕ 70. ಅಂದರೆ ಧಾರಣೆ 7,480 ದಾಟಿದರೆ ಮಾತ್ರ ಹಿಡಿದದ್ದು ಸಾರ್ಥಕ. ದಾಟುತ್ತದೆ ಎನ್ನಲು ಆಧಾರವಿಲ್ಲ. ತೊಗರಿಯ ಆಮದನ್ನು 2021ರ ಮೇ ತಿಂಗಳಲ್ಲಿ ಮುಕ್ತಗೊಳಿಸಿದ ಮೇಲೆ ಮ್ಯಾನ್ಮಾರ್ ಮತ್ತು ಆಫ್ರಿಕಾದ ಮಾಲು ಬರುತ್ತಲೇ ಇದೆ, ಬೆಲೆ ಏರುವ ಹೊತ್ತಿಗೆ ಹಡಗು ಬಂದಿರುತ್ತದೆ. ಇದಕ್ಕಿಂತ ದೊಡ್ಡ ಕೇಡು, ಹಿಡಿದ ಮಾಲಿನಲ್ಲಿ ರೊಕ್ಕ ಕೂತುಬಿಟ್ಟರೆ ಐದು ಸುತ್ತು ಹೋಗಿ ಒಂದೇ ಸುತ್ತಾಗುತ್ತದೆ. ಹಿಡಿಯಲೇಬೇಕು ಎನ್ನುವ ಸದಸ್ಯರು ಗೋದಾಮುಗಳ ನಿಯಂತ್ರಣ ಪ್ರಾಧಿಕಾರವಾದ ಡಬ್ಲ್ಯುಡಿಆರ್‌ಎಯಲ್ಲಿ ನೋಂದಾಯಿತ ಗೋದಾಮಿನಲ್ಲಿ ತಮ್ಮ ಹೆಸರಿನಲ್ಲೇ ಇಟ್ಟು, ಅಲ್ಲಿನ ಇಲೆಕ್ಟ್ರಾನಿಕ್ ರಸೀದಿಯ ಮೇಲೆ ಬ್ಯಾಂಕಿನಿಂದ ಸಾಲ ಪಡೆಯಲಿ. ಲಾಭ ಬಂದರೆ ಅವರದು, ಬೆಲೆ ಬಿದ್ದರೂ ಅವರದು. ಕಂಪನಿಯ ಹಣದಲ್ಲಿ ಮಾತ್ರ ಜೂಜು ಬೇಡ.

ಬೆಂಬಲ ಬೆಲೆಯ ಖರೀದಿ ಕೇಂದ್ರ ತೆರೆದು, ಪೇಟೆ ಧಾರಣೆ ಅದಕ್ಕಿಂತ ಕೆಳಗಿದ್ದರೆ ಸದಸ್ಯರನ್ನು ತಡೆಯಬೇಡಿ. 2025-26ರ ತೊಗರಿಯ ಬೆಂಬಲ ಬೆಲೆ 8,000 ರೂಪಾಯಿ, 7,000 ಕೊಡುವ ಕಂಪನಿ ಅದರೊಂದಿಗೆ ಪೈಪೋಟಿ ಮಾಡಲಾರದು. ಕೇಂದ್ರದಲ್ಲಿ ಪ್ರತಿ ರೈತರಿಗೆ ಮಿತಿ ಇರುತ್ತದೆ, ಅದು ಮುಗಿದ ಮೇಲಿನ ಮಾಲು ನಿಮಗೆ ಬರಲಿ. ಹಾಗೆಯೇ ಅಡತಿಯಿಂದ ಬೀಜಕ್ಕೆ ಮುಂಗಡ ತಂದ ಸದಸ್ಯರು ಒಂದಷ್ಟು ಚೀಲ ಅಲ್ಲಿಗೇ ಹಾಕುತ್ತಾರೆ. ಅವರ ಸಾಲವನ್ನು ಕಂಪನಿ ಮೈಮೇಲೆ ಎಳೆದುಕೊಳ್ಳದೆ, ಉಳಿದದ್ದರಲ್ಲಿ ಎಷ್ಟು ಚೀಲ ಖಚಿತ ಎಂದು ರಾಶಿಗೆ ಮುಂಚೆ ಬರೆಸಿಕೊಳ್ಳಿ. 240 ಮಂದಿಯಿಂದ ತಲಾ ಎರಡೇ ಕ್ವಿಂಟಾಲ್ ಬಂದರೂ 480 ಆಗುತ್ತದೆ, ನಿಮ್ಮ ಐದು ಲಾರಿಗೆ ಹೆಚ್ಚುಕಡಿಮೆ ಅಷ್ಟೇ ಬೇಕಾಗಿರುವುದು.

ಕಾಗದದ ಕೆಲಸದಲ್ಲಿ ಎರಡನ್ನು ಮರೆಯಬೇಡಿ. ನೋಂದಣಿಯಾದ 180 ದಿನದೊಳಗೆ INC-20A ಸಲ್ಲಿಸದೆ ವ್ಯವಹಾರ ಶುರು ಮಾಡುವಂತಿಲ್ಲ. ಷೇರು ಹಣ ಬ್ಯಾಂಕಿಗೆ ಬಿದ್ದಿದೆ ಎಂಬುದಕ್ಕೆ ಅದೇ ಘೋಷಣೆ. ವರ್ಷಾಂತ್ಯದ ಲೆಕ್ಕಪತ್ರದ ನಮೂನೆ AOC-4 ಮತ್ತು ವಾರ್ಷಿಕ ವಿವರದ ನಮೂನೆ ತಡವಾದರೆ ಪ್ರತಿ ನಮೂನೆಗೂ ದಿನಕ್ಕೆ 100 ರೂಪಾಯಿ. ಆರು ತಿಂಗಳು ಮರೆತರೆ ಎರಡಕ್ಕೂ ಸೇರಿ 36,000, ಅಂದರೆ ಸುಮಾರು 390 ಕ್ವಿಂಟಾಲ್ ತೊಗರಿಯ ಉಳಿಕೆ.

ಹಂಗಾಮಿನಲ್ಲಿ ಪ್ರತಿ ಸೋಮವಾರ ಐದೂ ಹಳ್ಳಿಯ ಕಟ್ಟೆಯ ಮೇಲೆ ಒಂದು ಹಾಳೆ ಅಂಟಿಸಿ. ಎಷ್ಟು ಕ್ವಿಂಟಾಲ್ ಬಂತು, ಎಷ್ಟು ಹೋಯಿತು, ಯಾವ ಮಿಲ್ಲಿನಿಂದ ಎಷ್ಟು ದಿನದಿಂದ ಎಷ್ಟು ಬಾಕಿ, ಖಾತೆಯಲ್ಲಿ ಎಷ್ಟಿದೆ. ಬಂದ ತೂಕಕ್ಕೂ ಗೋದಾಮು ಮತ್ತು ಲಾರಿ ಸೇರಿದ ತೂಕಕ್ಕೂ ವ್ಯತ್ಯಾಸ ಶೇ 1.5ಕ್ಕಿಂತ ಹೆಚ್ಚು ಕಂಡರೆ ಜರಡಿಯ ಕಸವನ್ನೂ ತೂಗಿಸಿ, ಕಸವೂ ಸಿಗದಿದ್ದರೆ ಕಾಳು ಹೋಗುತ್ತಿದೆ ಎಂದು ಅರ್ಥ. ಮೊದಲ ಲಾರಿಯ ಹಣ ಖಾತೆಗೆ ಬಿದ್ದ ದಿನಾಂಕವನ್ನು ಈ ಹಾಳೆಯಲ್ಲಿ ನೋಡಿ. ಅದು ಹನ್ನೆರಡನೇ ದಿನವಾಗಿದ್ದರೆ ಮೇಲಿನ ಲೆಕ್ಕದಂತೆ ಮುಂದುವರಿಯಿರಿ, ಇಪ್ಪತ್ತಾಗಿದ್ದರೆ ಆ ವರ್ಷ ಐದು ಲಾರಿ ಬಿಟ್ಟು ಮೂರಕ್ಕೆ ನಿಲ್ಲಿಸಿ.